ಐದು ಸಾವಿರಕ್ಕೆ ಹೊಂದದ ಗೆರೆಗಳು

ಮೇಡಂ ನನ್ನತ್ತ ತಿರುಗಿ "ಫ್ರೀಜರ್ ಸರಿ ಇತ್ತಲ್ಲಮ್ಮ? ಮಧ್ಯೆ ಕರೆಂಟ್ ಏನೂ ಹೋಗಿರ್ಲಿಲ್ವಲ್ಲ?" ಎಂದು ಕೇಳಿದಾಗ ನಾನು ನಡೆದದ್ದನ್ನು ಹೇಳಬೇಕಿತ್ತು. ಹೇಳಲಿಲ್ಲ. "ಸರಿ ಇತ್ತು ಮೇಡಂ" ಅಂದೆ. ಅದು ಸುಳ್ಳೂ ಆಗಿರಲಿಲ್ಲ. ಫ್ರೀಜರ್ ಸರಿಯಾಗಿಯೇ ಇತ್ತು. ಅದರೊಳಗೆ ಇರಬೇಕಾಗಿದ್ದ ಡಬ್ಬಿ ಮಾತ್ರ ಶನಿವಾರ ಮಧ್ಯಾಹ್ನದಿಂದ ಸೋಮವಾರ ಬೆಳಿಗ್ಗೆಯವರೆಗೆ ಕಿಟಕಿಯ ಕಟ್ಟೆಯ ಮೇಲಿತ್ತು. ಅದನ್ನು ಅಲ್ಲಿಟ್ಟವಳು ನಾನು. ಆ ಉತ್ತರ ಕೇಳಿಕೊಂಡು ಪಕ್ಕದಲ್ಲಿ ನಿಂತಿದ್ದವಳು ನನ್ನ ತಂಗಿ.

ಶಿವಮೊಗ್ಗದ ಒಂದು ಕಾಲೇಜಿನ ಬಯೋಟೆಕ್ನಾಲಜಿ ವಿಭಾಗದಲ್ಲಿ ನಾನು ಅಟೆಂಡರ್. ಏಜೆನ್ಸಿಯ ಮೂಲಕ ಸೇರಿದವಳು. ಯಾವತ್ತು ಬೇಡ ಅಂದರೂ ಮಾರನೇ ದಿನ ಮನೆಯಲ್ಲಿರಬೇಕು. ಒಂಬತ್ತನೇ ತರಗತಿಗೆ ನನ್ನ ಓದು ನಿಂತಿತ್ತು. ತಂಗಿ ಅದೇ ವಿಭಾಗದಲ್ಲಿ ಎಂ.ಎಸ್ಸಿ. ಕೊನೆಯ ವರ್ಷ. ಭದ್ರಾವತಿಯ ಕಾಗದನಗರದಿಂದ ಇಬ್ಬರೂ ಒಂದೇ ಬಸ್ಸಿಗೆ ಹೊರಡುತ್ತಿದ್ದೆವು. ವಿಭಾಗದ ಬಾಗಿಲು ದಾಟಿದ ಮೇಲೆ ಅವಳು ಸ್ಟೂಲಿನ ಮೇಲೆ, ನಾನು ಸಿಂಕಿನ ಮುಂದೆ. ಅವಳ ಗೈಡ್ ಆಗಿದ್ದ ಮೇಡಮ್ಮಿಗೆ ಹೊಸ ಪ್ರಾಜೆಕ್ಟ್ ಒಂದು ಸಿಕ್ಕಿತ್ತು. ಅದರಲ್ಲಿ ಸಹಾಯಕಿಯಾಗಿ ಒಬ್ಬರಿಗೆ ಕೆಲಸ. ತಂಗಿಯ ಪ್ಲಾಸ್ಮಿಡ್ ಮ್ಯಾಪ್ ಚೆನ್ನಾಗಿ ಬಂದರೆ ಅವಳನ್ನೇ ತಗೊಳ್ತೀನಿ ಎಂದು ಮೇಡಂ ಬಾಯಿಬಿಟ್ಟೇ ಹೇಳಿದ್ದರು.

ಪ್ಲಾಸ್ಮಿಡ್ ಅಂದರೇನು ಎಂದು ತಂಗಿ ನನಗೆ ಬಸ್ಸಿನಲ್ಲಿ ತನ್ನ ಕೈಬಳೆ ತೋರಿಸಿ ಹೇಳಿಕೊಟ್ಟಿದ್ದಳು. ಬ್ಯಾಕ್ಟೀರಿಯಾದ ಒಳಗಿರುವ ಡಿಎನ್‌ಎಯ ಸಣ್ಣ ಬಳೆ ಅದು. ಎಂಜೈಮ್ ಅಂದರೆ ಕತ್ತರಿ. ಬಳೆಯ ಮೇಲೆ ತನಗೆ ಗೊತ್ತಿರುವ ಗುರುತು ಎಲ್ಲಿದೆಯೋ ಅಲ್ಲಿ ಮಾತ್ರ ಕತ್ತರಿಸುತ್ತದೆ. ಆ ಗುರುತುಗಳು ಬಳೆಯ ಮೇಲೆ ಎಲ್ಲೆಲ್ಲಿವೆ ಎಂದು ತೋರಿಸುವ ನಕ್ಷೆಯೇ ಮ್ಯಾಪ್.

"ಬಳೆನ ಒಂದ್ಕಡೆ ಕತ್ತರಿಸಿದ್ರೆ ಎಷ್ಟು ತುಂಡು ಅಕ್ಕ?"

"ಎರಡು."

"ಹೂಂ, ನಿನ್ ತಲೆ. ಒಂದೇ ಮಾರಾಯ್ತಿ. ಬಳೆ ಬಿಚ್ಕೊಂಡು ಉದ್ದ ಆಗುತ್ತೆ ಅಷ್ಟೆ. ಎರಡು ಕಡೆ ಕತ್ತರಿಸಿದ್ರೆ ಎರಡು ತುಂಡು. ಎಲ್ಲಾ ತುಂಡು ಸೇರಿಸಿದ್ರೆ ಮೊದಲಿದ್ದ ಬಳೆಯಷ್ಟೇ ಆಗ್ಬೇಕು. ಹೆಚ್ಚೂ ಆಗಂಗಿಲ್ಲ, ಕಡಿಮೆನೂ ಆಗಂಗಿಲ್ಲ."

ಕತ್ತರಿಸಿದ್ದನ್ನು ಅಗರೋಸ್ ಜೆಲ್ ಎಂಬ ಜೆಲ್ಲಿಯಂಥ ಹಾಳೆಯ ಗುಳಿಗಳಿಗೆ ಹಾಕಿ ಕರೆಂಟ್ ಕೊಡುತ್ತಾರೆ. ಸಣ್ಣ ತುಂಡು ಬೇಗ ಓಡಿ ಕೆಳಗೆ ಹೋಗುತ್ತದೆ, ದೊಡ್ಡದು ಮೇಲೆಯೇ ತೆವಳುತ್ತದೆ. ಆಮೇಲೆ ಯುವಿ ಬೆಳಕಿನಲ್ಲಿ ಫೋಟೋ ತೆಗೆದರೆ ಪ್ರತಿ ತುಂಡೂ ಒಂದೊಂದು ಹೊಳೆಯುವ ಗೆರೆ. ಪಕ್ಕದಲ್ಲಿ ಅಳತೆ ಗೊತ್ತಿರುವ ಗೆರೆಗಳ ಒಂದು ಸಾಲು ಇರುತ್ತದೆ, ಅದಕ್ಕೆ ಮಾರ್ಕರ್ ಅನ್ನುತ್ತಾರೆ. ಅದರ ಜೊತೆ ಹೋಲಿಸಿ ಯಾವ ತುಂಡು ಎಷ್ಟು ಉದ್ದ, ಅಂದರೆ ಎಷ್ಟು ಬೇಸ್ ಜೋಡಿ, ಎಂದು ಓದಬೇಕು. ಆ ಜೆಲ್ ಎರೆಯುವ ತಟ್ಟೆಗಳನ್ನೂ ಅದರಲ್ಲಿ ಗುಳಿ ಮೂಡಿಸುವ ಬಾಚಣಿಗೆಗಳನ್ನೂ ತೊಳೆಯುತ್ತಿದ್ದವಳು ನಾನೇ. ಫೋಟೋದಲ್ಲಿ ಏನಿರುತ್ತದೆಂದು ತಂಗಿ ಬರುವ ತನಕ ಯಾರೂ ಹೇಳಿರಲಿಲ್ಲ.

ಆ ಶನಿವಾರ ಫ್ರೀಜರಿನ ಬಾಗಿಲು ಮುಚ್ಚದಷ್ಟು ಮಂಜು ಕಟ್ಟಿತ್ತು. ಮಂಜು ಇಳಿಸುವಾಗ ಎಂಜೈಮ್ ಡಬ್ಬಿಯನ್ನು ಪಕ್ಕದ ಕೋಣೆಯ ಫ್ರೀಜರಿಗೆ ಸಾಗಿಸಬೇಕು. ಅದು ಪದ್ಧತಿ. ಪಕ್ಕದ ಕೋಣೆಗೆ ಬೀಗ ಬಿದ್ದಿತ್ತು, ಕೀಲಿ ಇದ್ದವರು ಊಟಕ್ಕೆ ಹೋಗಿದ್ದರು. ಬರಲಿ ಎಂದು ಡಬ್ಬಿಯನ್ನು ಕಿಟಕಿಯಲ್ಲಿಟ್ಟೆ. ನೆಲದ ನೀರು ಬಳಿದೆ, ಫ್ರೀಜರ್ ಒರೆಸಿ ಮತ್ತೆ ಚಾಲೂ ಮಾಡಿದೆ, ಬಸ್ಸಿಗೆ ಹೊತ್ತಾಯಿತು ಎಂದು ಓಡಿದೆ. ಡಬ್ಬಿ ನೆನಪಾದದ್ದು ಸೋಮವಾರ ಕಿಟಕಿ ತೆರೆಯಲು ಹೋದಾಗ.

ಒಂದು ಟ್ಯೂಬ್ ಎತ್ತಿ ಓರೆ ಮಾಡಿ ನೋಡಿದೆ. ಒಳಗಿನ ದ್ರವ ಯಾವಾಗಲೂ ಇರುವ ಹಾಗೆಯೇ ಇತ್ತು. ಎಂಜೈಮಿಗೆ ಗ್ಲಿಸರಾಲ್ ಬೆರೆಸಿರುತ್ತಾರೆ, ಹಾಗಾಗಿ ಅದು ಫ್ರೀಜರಿನಲ್ಲೂ ಗಟ್ಟಿಯಾಗುವುದಿಲ್ಲ. ಅದನ್ನು ನಾನು ಎಷ್ಟೋ ಸಲ ನೋಡಿದ್ದೆ. ಗಟ್ಟಿಯೇ ಆಗದ್ದು ಕರಗಿ ಕೆಡುವುದೇನು ಬಂತು ಅಂದುಕೊಂಡೆ. ಹಾಲು ಒಡೆದರೆ ಕಾಣುತ್ತದೆ, ಮಂಜುಗಡ್ಡೆ ಕರಗಿದರೆ ಕಾಣುತ್ತದೆ. ಇದು ಏನನ್ನೂ ತೋರಿಸಲಿಲ್ಲ. ಡಬ್ಬಿಯನ್ನು ಅದರ ಜಾಗದಲ್ಲಿಟ್ಟು ಫ್ರೀಜರಿನ ಬಾಗಿಲು ಹಾಕಿದೆ.

ತಂಗಿ ಬಳಸುತ್ತಿದ್ದ ಕತ್ತರಿಗಳು ಎರಡು. ನಾವಿಬ್ಬರೂ ಅವನ್ನು ಮುಚ್ಚಳದ ಬಣ್ಣದಿಂದ ಕರೆಯುತ್ತಿದ್ದೆವು. ಕೆಂಪು ಮುಚ್ಚಳದ್ದನ್ನು ಆ ವಾರ ಬೇರೆ ಕೋಣೆಯವರು ಒಯ್ದಿದ್ದರು, ಅದು ಉಳಿಯಿತು. ನೀಲಿಯದ್ದು ಕಿಟಕಿಯಲ್ಲಿತ್ತು.

ಮೊದಲ ಫೋಟೋ ಬಂದ ದಿನ ಕೆಂಪು ಸಾಲಿನಲ್ಲಿ ಐದು ಸಾವಿರದ ಎತ್ತರಕ್ಕೆ ಒಂದೇ ಗೆರೆ ಇತ್ತು. ಚೊಕ್ಕ. ಪ್ಲಾಸ್ಮಿಡ್ಡಿನ ಉದ್ದವೇ ಐದು ಸಾವಿರ, ಅಂದರೆ ಒಂದು ಕಡೆ ಕತ್ತರಿಸಿದೆ. ನೀಲಿ ಸಾಲಿನಲ್ಲಿ ಗೆರೆಗಳ ಜಾತ್ರೆ. ಎರಡನ್ನೂ ಹಾಕಿದ ಸಾಲಿನಲ್ಲಂತೂ ಏಣಿಯ ಮೆಟ್ಟಿಲಿನ ಹಾಗೆ ಮೇಲಿಂದ ಕೆಳಗಿನವರೆಗೂ ಗೆರೆಗಳು. ಮೇಡಂ ಪೆನ್ನಿನ ತುದಿಯಿಂದ ಕೂಡಿಸುತ್ತಾ ಹೋದರು.

"ಏನಮ್ಮ ಇದು? ಐದು ಸಾವಿರದ ಪ್ಲಾಸ್ಮಿಡ್ ಕತ್ತರಿಸಿದ್ರೆ ನೀಲಿಲೇ ಹತ್ತು ಸಾವಿರ ದಾಟ್ತಿದೆ. ನಿನ್ ಹತ್ರ ಏನು ಅಕ್ಷಯಪಾತ್ರೆ ಇದ್ಯಾ?"

ಉಳಿದ ಹುಡುಗಿಯರು ನಕ್ಕರು. ತಂಗಿಯ ಕಿವಿ ಕೆಂಪಾಯಿತು. ಆಗಲೇ ಮೇಡಂ ನನ್ನನ್ನು ಆ ಪ್ರಶ್ನೆ ಕೇಳಿದ್ದು, ನಾನು ಆ ಉತ್ತರ ಕೊಟ್ಟದ್ದು. "ಹಾಗಾದ್ರೆ ನಿನ್ನ ಪ್ಲಾಸ್ಮಿಡ್ಡೇ ಶುದ್ಧ ಇಲ್ಲ. ಮತ್ತೆ ತೆಗಿ" ಅಂದು ಅವರು ಒಳಗೆ ಹೋದರು.

ತಂಗಿ ಮತ್ತೆ ಬ್ಯಾಕ್ಟೀರಿಯಾ ಬೆಳೆಸಿದಳು, ಮತ್ತೆ ಪ್ಲಾಸ್ಮಿಡ್ ತೆಗೆದಳು, ಮತ್ತೆ ಕತ್ತರಿಸಿದಳು. ಅದೇ ಜಾತ್ರೆ. ಎಂಜೈಮಿನ ಜೊತೆ ಬೆರೆಸುವ ಬಫರ್ ದ್ರಾವಣ ಹೊಸದು ಮಾಡಿದಳು. ಅದೇ. ಒಂದು ಗಂಟೆ ಇಡುವುದನ್ನು ಇಡೀ ರಾತ್ರಿ ಇಟ್ಟು ಬೆಳಿಗ್ಗೆ ಜೆಲ್ಲಿಗೆ ಹಾಕಿದಳು. ಅದೇ. ಪ್ರತಿ ಸಲವೂ ನಾನು ತಟ್ಟೆ ತೊಳೆದು ಕೊಟ್ಟೆ. ಪ್ರತಿ ಸಲವೂ ಈಗ ಹೇಳೋಣ ಅನ್ನಿಸಿತು, ಈಗ ಹೇಳಿದರೆ ಮೊದಲೇ ಯಾಕೆ ಹೇಳಲಿಲ್ಲ ಅನ್ನುತ್ತಾರೆ ಅನ್ನಿಸಿತು. ತಡವಾದಷ್ಟೂ ಹೇಳುವುದು ಕಷ್ಟವಾಯಿತು. ಸಿಟ್ಟು ಬರುತ್ತಿತ್ತು. ಯಾರ ಮೇಲೆ? ಕೀಲಿ ತೆಗೆದುಕೊಂಡು ಊಟಕ್ಕೆ ಹೋದವರ ಮೇಲೆ, ಕೆಟ್ಟರೂ ಕೆಟ್ಟ ಹಾಗೆ ಕಾಣದ ಆ ನೀರಿನ ಮೇಲೆ, ಕೊನೆಗೆ ತಂಗಿಯ ಮೇಲೂ.

ಒಂದು ಸಂಜೆ ಬಸ್ಸಿನಲ್ಲಿ ಅವಳು ಫೋಟೋವನ್ನು ಮಡಚಿ ಸೀಟಿನ ಸಂದಿಗೆ ತುರುಕಿದಳು. ನಾನು ತೆಗೆದು ಸವರಿ ಕೊಡಲು ಹೋದೆ.

"ಬೇಡ ಬಿಡೇ ಅಕ್ಕ. ನನ್ ಕೈಯೇ ಸರಿ ಇಲ್ಲ."

"ನಿಧಾನವಾಗಿ ಮಾಡಿದ್ರೆ ಬರುತ್ತೆ. ನಿಂದು ಯಾವಾಗ್ಲೂ ಅವಸರ."

ನಾನೇ ಹಾಗೆ ಅಂದೆ. ಅವಳು ಕಿಟಕಿಯ ಕಡೆ ತಿರುಗಿದಳು. ಪೈಪೆಟ್ಟಿನ ಅಳತೆಯನ್ನು ಅವಳು ಎರಡೆರಡು ಸಲ ನೋಡಿಕೊಳ್ಳುವುದನ್ನು ಆ ವಾರ ನಾನು ಕಂಡಿದ್ದೆ. ಮೊದಲು ಒಂದೇ ಸಲ ನೋಡುತ್ತಿದ್ದಳು.

ಭಾನುವಾರ ಅವಳು ಎಲ್ಲ ಫೋಟೋಗಳನ್ನೂ ಅಡುಗೆಮನೆಯ ನೆಲದ ಮೇಲೆ ಹರಡಿ ಕೂತಳು. ನಾನು ಈರುಳ್ಳಿ ಹೆಚ್ಚುತ್ತಿದ್ದೆ. ಸ್ಕೇಲ್ ಇಟ್ಟು ಒಂದು ಸಾಲಿನಿಂದ ಇನ್ನೊಂದಕ್ಕೆ ಗೆರೆ ಎಳೆಯುತ್ತಿದ್ದವಳು ಇದ್ದಕ್ಕಿದ್ದಂತೆ ಕೂಗಿದಳು.

"ಅಕ್ಕ, ಇಲ್ ನೋಡು! ನೀಲಿ ಸಾಲಲ್ಲಿ ಈ ಗೆರೆ, ಇದು ಹೊಸ ತುಂಡೇ ಅಲ್ಲ. ಕತ್ತರಿನೇ ಹಾಕದ ಸಾಲಲ್ಲೂ ಇದೇ ಎತ್ತರಕ್ಕಿದೆ. ಬಳೆ ಬಳೆಯಾಗೇ ಉಳಿದಿದೆ. ಐದು ಸಾವಿರದ್ದು ಒಂದೇ ಕಡೆ ಕತ್ತರಿಸಿದ್ದು. ಎರಡೂ ಕಡೆ ಪೂರ್ತಿ ಕತ್ತರಿಸಿದ್ದು ಮೂರೂವರೆ ಸಾವಿರ, ಒಂದೂವರೆ ಸಾವಿರ. ಅವೆರಡೇ ಸೇರಿದ್ರೆ ಸರಿಯಾಗಿ ಐದು!"

ಎರಡೂ ಕತ್ತರಿ ಹಾಕಿದ ಸಾಲನ್ನೂ ಹಾಗೆಯೇ ಬಿಡಿಸಿದಳು. ಅತಿ ಸಣ್ಣ ಮೂರು ತುಂಡುಗಳು ಸಾವಿರದ ಇನ್ನೂರು, ಸಾವಿರದ ಐನೂರು, ಎರಡು ಸಾವಿರದ ಮುನ್ನೂರು. ಕೂಡಿಸಿದರೆ ಐದು ಸಾವಿರ. ಅವುಗಳ ಮೇಲಿದ್ದ ಎರಡು ಸಾವಿರದ ಏಳುನೂರರ ಗೆರೆ ಮೊದಲಿನ ಎರಡು ತುಂಡು ಬಿಡದೆ ಅಂಟಿಕೊಂಡಿದ್ದು. ಮೂರು ಸಾವಿರದ ಎಂಟುನೂರರದ್ದು ಕೊನೆಯ ಎರಡು. ಅಂದರೆ ಸಾವಿರದ ಐನೂರರದ್ದು ನಡುವೆ ಇದೆ, ಅದರ ಎರಡೂ ತುದಿಯಲ್ಲಿ ನೀಲಿಯ ಗುರುತು. ಯಾವ ತುಂಡಿನ ಪಕ್ಕ ಯಾವುದಿದೆ ಎಂಬುದನ್ನೂ ಆ ಕೆಟ್ಟ ಫೋಟೋವೇ ಹೇಳುತ್ತಿತ್ತು. ನೆಲದ ಮೇಲೆ ಚಾಕ್‌ಪೀಸಿನಿಂದ ವೃತ್ತ ಬರೆದು ಮೂರು ಗುರುತು ಹಾಕಿದಳು. ಎಷ್ಟೋ ದಿನದ ಮೇಲೆ ನಗುತ್ತಿದ್ದಳು.

ಆಮೇಲೆ ನಗು ನಿಂತಿತು.

"ಪೂರ್ತಿ ಕತ್ತರಿಸಿಲ್ಲ ಅಂದ್ರೆ ಹೊತ್ತು ಸಾಕಾಗಿಲ್ಲ, ಇಲ್ಲಾ ಕತ್ತರಿ ಮೊಂಡಾಗಿದೆ. ಇಡೀ ರಾತ್ರಿ ಇಟ್ಟಿದ್ದೆ. ಹಾಗಾದ್ರೆ ನೀಲಿನೇ ಕೆಟ್ಟಿದೆ. ಫ್ರೀಜರ್ ಸರಿ ಇತ್ತು ಅಂತ ನೀನೇ ಹೇಳ್ದೆ. ಅಂದ್ಮೇಲೆ ನಾನೇ ಯಾವತ್ತೋ ಐಸಿಂದ ಹೊರಗಿಟ್ಟು ಮರೆತಿರ್ಬೇಕು." ಅವಳು ಫೋಟೋಗಳನ್ನು ಒಟ್ಟು ಮಾಡಿದಳು. "ನಾಳೆ ಮೇಡಂಗೆ ನಾನೇ ಹೇಳ್ತೀನಿ. ಕೆಲಸ ಹೋದ್ರೆ ಹೋಗ್ಲಿ."

ಈರುಳ್ಳಿ ನನ್ನ ಮುಂದಿತ್ತು. ಕಣ್ಣೀರಿಗೆ ಕಾರಣ ಕೇಳುವ ಅಗತ್ಯ ಅವಳಿಗೆ ಬೀಳಲಿಲ್ಲ. ಆಗಲೂ ನಾನು ಬಾಯಿ ಬಿಡಲಿಲ್ಲ.

ಮರುದಿನ ಅವಳು ಮೇಡಮ್ಮಿನ ಮೇಜಿನ ಮುಂದೆ ನಿಂತು ಮ್ಯಾಪ್ ವಿವರಿಸಿದಳು. ಮೇಡಂ ಕನ್ನಡಕ ಏರಿಸಿ ಗೆರೆಗೆರೆಯಾಗಿ ನೋಡಿದರು. "ಓದಿರೋದು ಸರಿ ಇದೆ" ಅಂದರು. "ಆದ್ರೆ ಎಂಜೈಮ್ ಹೆಂಗೆ ಕೆಡ್ತು?"

"ನನ್ ಕೈಯಲ್ಲೇ ಮೇಡಂ. ಹೊರಗಿಟ್ಟು ಮರೆತಿರ್ಬೇಕು."

"ಇರ್ಬೇಕು ಅಂದ್ರೇನಮ್ಮ? ಇಷ್ಟು ದಿನ ಎಲ್ಲರ ಹೊತ್ತೂ ಹಾಳಾಯ್ತು. ಇಂಥ ಕೈಗೆ ನಾನು ಪ್ರಾಜೆಕ್ಟ್ ಹೆಂಗೆ ಕೊಡ್ಲಿ?"

ಬಾಗಿಲ ಬಳಿ ಕಸದ ಬುಟ್ಟಿ ಹಿಡಿದು ನಿಂತಿದ್ದೆ. ತಂಗಿ ತಲೆ ತಗ್ಗಿಸಿ ತನ್ನ ಬೆರಳುಗಳನ್ನೇ ನೋಡಿಕೊಳ್ಳುತ್ತಿದ್ದಳು, ಅವು ನಿಜವಾಗಿಯೂ ಏನೋ ಮಾಡಿವೆ ಎಂಬಂತೆ. ಬುಟ್ಟಿ ಕೆಳಗಿಟ್ಟೆ.

"ಮೇಡಂ, ಅವಳಲ್ಲ. ಮಂಜು ಇಳಿಸಿದ ಶನಿವಾರ ಡಬ್ಬಿನ ಕಿಟಕಿಲಿ ಬಿಟ್ಟು ಹೋದೋಳು ನಾನು. ಸೋಮವಾರ ಸುಮ್ನೆ ಒಳಗಿಟ್ಟೆ. ನೀವು ಕೇಳಿದಾಗ್ಲೂ ಹೇಳ್ಲಿಲ್ಲ."

ತಂಗಿ ತಿರುಗಿದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ನೆಲದ ಮೇಲೆ ಫೋಟೋ ಹರಡಿ ಗೆರೆಗಳನ್ನು ಕೂಡಿಸುತ್ತಿದ್ದಾಗಿನ ನೋಟವೇ ಇತ್ತು.

"ಬಸ್ಸಲ್ಲಿ ಅವಸರ ಅಂದ್ಯಲ್ಲಕ್ಕ" ಅಂದಳು. "ಆವಾಗ್ಲೂ ಗೊತ್ತಿತ್ತಾ?"

"ಗೊತ್ತಿತ್ತು. ಕೆಲಸ ಹೋಗುತ್ತೆ ಅಂತ ಹೆದರ್ಕೊಂಡು ನಿನ್ನ ಬೈಸಿಕೊಳ್ಳಕ್ಕೆ ಬಿಟ್ಟೆ. ನಿನ್ ಕೈ ಸರಿ ಇತ್ತು ಕಣೇ, ಮೊದಲಿಂದ್ಲೂ ಸರಿ ಇತ್ತು. ತಪ್ಪು ನಂದು. ನನ್ನ ಕ್ಷಮಿಸು."