ತಿಥಿ ಗೊತ್ತು, ಇಸವಿ ಗೊತ್ತಿಲ್ಲ

ಅಥಣಿಯಲ್ಲಿ ಹತ್ತಿ ಜಿನ್ನಿಂಗ್ ಕಂಪನಿ ಕಟ್ಟಿದ ಹಿರಿಯರೊಬ್ಬರ ಚರಿತ್ರೆ ಬರೆದುಕೊಡಿ ಎಂದು ಅವರ ಮೊಮ್ಮಗ ಕೇಳಿದಾಗ ನಾನು ಚಿಕ್ಕೋಡಿಯ ಕಾಲೇಜಿನಿಂದ ನಿವೃತ್ತನಾಗಿ, ಮನೆಯಲ್ಲಿ ಎಲ್ಲರ ಕಾಲಿಗೂ ತೊಡರುತ್ತಿದ್ದೆ. ಇತಿಹಾಸದ ಮೇಷ್ಟ್ರಿಗೆ ಕೆಲಸ ಕೊಡುವವರು ಸಿಗುವುದೇ ಅಪರೂಪ. ತಕ್ಷಣ ಒಪ್ಪಿದೆ.

ಮೊಮ್ಮಗನ ನಿಪ್ಪಾಣಿ ಮನೆಯ ಅಟ್ಟದಲ್ಲಿ ಒಂದು ಟ್ರಂಕು. ಅದರಲ್ಲಿ ಕಂಪನಿಯ ವಾರ್ಷಿಕ ವರದಿಗಳು, ಸರ್ಕಾರಕ್ಕೆ ಪ್ರತಿ ವರ್ಷ ಸಲ್ಲಿಸುತ್ತಿದ್ದ ಷೇರುದಾರರ ಪಟ್ಟಿಯ ಪ್ರತಿಗಳು. ಜನರ ಬಾಯಲ್ಲಿ ಹಿರಿಯರು ದೇವರಾಗಿಬಿಟ್ಟಿದ್ದರು. ವರದಿಗಳಲ್ಲಿ ಮಾತ್ರ ಬಾಯ್ಲರ್ ರಿಪೇರಿ, ಮಳೆಗೆ ನೆಂದ ಹತ್ತಿ, ಸಭೆಗೆ ಜನ ಸಾಲದೆ ಮುಂದೂಡಿದ್ದು. ನನಗೆ ಈ ಮನುಷ್ಯನೇ ಹಿಡಿಸಿದ.

ಒಂದೇ ತೊಡಕು. ಅವರು ತೀರಿಕೊಂಡ ತಿಥಿ ಮನೆಯಲ್ಲಿ ಎಲ್ಲರಿಗೂ ಗೊತ್ತು, ಶ್ರಾವಣ ವದ್ಯ ಪಂಚಮಿ. ಇಸವಿ ಯಾರಿಗೂ ಗೊತ್ತಿಲ್ಲ. ವರ್ಷಾವರ್ಷ ಎಡೆ ಹಿಡಿಯಲು ತಿಥಿ ಸಾಕು, ಇಸವಿ ಯಾರಿಗೆ ಬೇಕು? ಸಂತಾಪ ಬರೆದಿರಬಹುದಾದ ಐದಾರು ವರ್ಷಗಳ ವರದಿಗಳನ್ನು ಗೆದ್ದಲು ತಿಂದಿತ್ತು.

ಆದರೆ ಆ ಇಸವಿಯ ಮೇಲೆ ಒಬ್ಬರ ಮಾನ ನಿಂತಿತ್ತು. ಹಿರಿಯ ಮಗ ತನ್ನ ಷೇರು ಪರರಿಗೆ ಮಾರಿದ, ಆ ಕೊರಗಿನಲ್ಲೇ ತಂದೆ ಸತ್ತರು ಎಂಬುದು ಮನೆಯ ಮಾತು. ಅದು ಪುಸ್ತಕದಲ್ಲೂ ಬರಬೇಕೆಂದು ಮೊಮ್ಮಗನ ಹಟ. ಇವನು ಕಿರಿಯ ಮಗನ ಕಡೆಯವನು. ಹಿರಿಯ ಮಗನ ಮಗಳು ಕಾಗವಾಡದ ಹತ್ತಿರ ದ್ರಾಕ್ಷಿ ತೋಟದ ಮನೆಯಲ್ಲಿ ಇನ್ನೂ ಇದ್ದರು. ಮೊದಲ ಭೇಟಿಯಲ್ಲೇ ನನಗೆ ಚಹಾ ಕೊಟ್ಟು ಕೇಳಿಕೊಂಡರು:

“ಸರ, ನಮ್ಮಪ್ಪ ಅಂಥಾವ ಅಲ್ರಿ. ಆದ್ರ ಖರೇ ಏನೈತಿ ಅದನ್ನ ಬರೀರಿ. ಅಪ್ಪನ್ನ ಅವರ ಅಪ್ಪನ ಎಡಿಗೆ ಒಮ್ಮೆಯೂ ಕರೀಲಿಲ್ರಿ ನಿಪ್ಪಾಣಿಯವರು. ಸಾಯೂತನಕ ಬಾಗಲಾ ನೋಡಿಕೋತ ಕುಂತಿದ್ದ.”

ನಾನು ಏನೂ ಭರವಸೆ ಕೊಡಲಿಲ್ಲ.

ಷೇರು ಮಾರಿದ ವರ್ಷ ಪಟ್ಟಿಯಲ್ಲಿ ಸಿಕ್ಕಿತು. ಯಾರ ಷೇರು ಯಾವ ದಿನ ವರ್ಗವಾಯಿತು ಎಂದು ಅಲ್ಲಿ ಬರೆಯಲೇಬೇಕು. ಇದನ್ನು ಹೇಳಿದ್ದೇ ತಡ, ಮೊಮ್ಮಗ ಮುಂಬೈಯ ಗ್ರಂಥಾಲಯದಿಂದ ತರಿಸಿದ, ಊರೂರಿನ ಕಂಪನಿಗಳ ವಿವರ ವರ್ಷವರ್ಷ ಅಚ್ಚಾಗುತ್ತಿದ್ದ ವ್ಯಾಪಾರಿ ಡೈರೆಕ್ಟರಿಯ ಪುಟ ಮುಂದಿಟ್ಟ.

“ನೋಡ್ರಿ ಸರ, ಷೇರ್ ಮಾರಿದ ಮರುವರ್ಷದ್ದು. ಮುತ್ಯಾನ ಹೆಸರು ಐತಿ. ಅಂದ್ರ ಮಾರಿದಾಗ ಮುತ್ಯಾ ಇದ್ದ.”

ಅಚ್ಚಾಗಿದ್ದೆಲ್ಲ ಸತ್ಯ ಎಂಬ ನಂಬಿಕೆ ನನಗೆ ಎಂದೂ ಇಲ್ಲ. ಹಿಂದಿನ ಆವೃತ್ತಿಗಳ ಪುಟಗಳನ್ನೂ ತರಿಸಿದೆ. ಅದೇ ಹೆಸರು, ಅದೇ ತಂತಿ ವಿಳಾಸ, ಅದೇ ಎಂಜಿನಿಯರ್. ಆ ಎಂಜಿನಿಯರ್ ಎಷ್ಟೋ ವರ್ಷ ಮೊದಲೇ ಕೆಲಸ ಬಿಟ್ಟು ಹೋದದ್ದು ಕಂಪನಿಯ ವರದಿಯಲ್ಲಿತ್ತು. ಡೈರೆಕ್ಟರಿಯವರು ವರ್ಷಕ್ಕೊಮ್ಮೆ ವಿವರ ಕೇಳಿ ಬರೆಯುತ್ತಿದ್ದರು, ಇಲ್ಲಿಂದ ಉತ್ತರ ಹೋಗದಿದ್ದರೆ ಹಳೆಯದನ್ನೇ ಅಚ್ಚು ಹಾಕುತ್ತಿದ್ದರು. ಸತ್ತವರು ಅಲ್ಲಿ ಆರಾಮಾಗಿ ಬದುಕಿರುತ್ತಾರೆ.

ಹಾಗೆಂದು ಅವರು ಮೊದಲೇ ಸತ್ತಿದ್ದರು ಎನ್ನಲೂ ಆಧಾರವಿಲ್ಲ. ಮತ್ತೆ ಷೇರುದಾರರ ಪಟ್ಟಿ ಹಿಡಿದೆ. ಹಿರಿಯರ ಹೆಸರು ಕೊನೆಯವರೆಗೂ ಹಾಗೇ ಇತ್ತು. ವಾರಸುದಾರರು ಕಾಗದಪತ್ರ ತರುವತನಕ ಕಂಪನಿ ಹೆಸರು ತೆಗೆಯುವುದಿಲ್ಲ. ನಾನೂ ಎಲ್ಲರಂತೆ ಗಂಡಸರ ಹೆಸರನ್ನೇ ನೋಡುತ್ತಿದ್ದೆ. ಒಂದು ಮಧ್ಯಾಹ್ನ, ಬೇಸರಕ್ಕೆ ಬೆರಳು ಕೆಳಗೆ ಜಾರಿ ಹಿರಿಯರ ಹೆಂಡತಿಯ ಹೆಸರಿನ ಮೇಲೆ ನಿಂತಿತು. ಅವರಿಗೂ ಸ್ವಲ್ಪ ಷೇರುಗಳಿದ್ದವು. ಉದ್ಯೋಗದ ಅಂಕಣದಲ್ಲಿ ಗಂಡಸರಿಗೆ ವ್ಯಾಪಾರಿ, ಜಮೀನುದಾರ ಎಂದು ಬರೆಯುತ್ತಿದ್ದ ಗುಮಾಸ್ತ ಆಕೆಗೆ ವರ್ಷವರ್ಷವೂ ‘ವಿವಾಹಿತೆ’ ಎಂದು ಬರೆದಿದ್ದ. ಮಗ ಷೇರು ಮಾರಿದ್ದಕ್ಕೆ ಹಿಂದಿನ ವರ್ಷದ ಪಟ್ಟಿಯಲ್ಲಿ ಅದು ‘ವಿಧವೆ’ ಆಗಿತ್ತು. ಅದೇ ಪಟ್ಟಿಯಲ್ಲಿ ಹಿರಿಯ ಮಗನ ಷೇರುಗಳು ಒಂದೂ ಕದಲಿರಲಿಲ್ಲ. ಅಂದರೆ ಷೇರು ಮಾರುವ ಮೊದಲೇ ತಂದೆ ತೀರಿಕೊಂಡಿದ್ದರು.

ಹೆಣ್ಣಿನ ಉದ್ಯೋಗ ಎಂದು ವೈಧವ್ಯವನ್ನು ಬರೆದ ಆ ಕಾಲದ ಮೇಲೆ ನನಗೆ ಸಿಟ್ಟು ಬಂತು. ಅದೇ ಕ್ಷಣ ಆ ಗುಮಾಸ್ತನಿಗೆ ಕೈಮುಗಿಯಬೇಕು ಅನ್ನಿಸಿತು.

ಮೊಮ್ಮಗ ಪಟ್ಟಿಯನ್ನು ತಿರುಗಿಸಿ ಮುರುಗಿಸಿ ನೋಡಿದ. ಆಮೇಲೆ, “ಆ ಕೊರಗಿನ ಮಾತು ತಗದ್ಬಿಡ್ರಿ,” ಎಂದ.

“ತಗ್ಯೂದಷ್ಟ ಅಲ್ಲ, ಖರೇನೂ ಬರೀತೀನಿ,” ಎಂದೆ. ಅವನು ಬೇಡ ಅನ್ನಲಿಲ್ಲ.

ಕಾಗವಾಡಕ್ಕೆ ಹೋಗಿ, ಪುಸ್ತಕಕ್ಕೆ ಬರೆದ ಆ ಸಾಲನ್ನು ಹಿರಿಯ ಮಗನ ಮಗಳಿಗೆ ಓದಿ ಹೇಳಿದೆ. ಅವರು ಸೆರಗಿನಿಂದ ಮುಖ ಒರೆಸಿಕೊಂಡರು.

ಆ ವರ್ಷದ ಶ್ರಾವಣ ವದ್ಯ ಪಂಚಮಿಗೆ ನಿಪ್ಪಾಣಿಯಿಂದ ಅವರಿಗೆ ಕರೆ ಬಂತು. ನನ್ನನ್ನೂ ಕರೆದಿದ್ದರು. ಹಿರಿಯರ ಫೋಟೋ ಮುಂದೆ ಮೊಮ್ಮಗ ಎಡೆ ಇಟ್ಟ. ಕಾಗವಾಡದ ಹೆಣ್ಣುಮಗಳು ಚೀಲದಿಂದ ತಮ್ಮ ಅಪ್ಪನ ಫೋಟೋ ತೆಗೆದು ಪಕ್ಕದಲ್ಲಿಟ್ಟು, ಎಡೆಯ ಹೋಳಿಗೆಯನ್ನು ಇಬ್ಬರ ನಡುವೆ ಸರಿಸಿದರು.

“ಉಣ್ಣಪಾ,” ಎಂದರು, “ಕರದಾರ.”