ಒಳಗೆ ಹೋಗುವ ಪುಟ

ಸೈನ್ಯದಿಂದ ನಿವೃತ್ತನಾಗಿ ಬಂದ ಮೇಲೆ ಸಿಂದಗಿಯಲ್ಲಿ ಸಣ್ಣದೊಂದು ಮುದ್ರಣಾಲಯ ಇಟ್ಟೆ. ಬೆಳಿಗ್ಗೆ ನೆಲ ಒರೆಸಿ, ಕತ್ತರಿಸುವ ಯಂತ್ರಕ್ಕೆ ಎಣ್ಣೆ ಬಿಟ್ಟು, ಸ್ಕೇಲು, ಚಾಕು ಅವುಗಳ ಜಾಗದಲ್ಲಿ ಇವೆಯೇ ಎಂದು ನೋಡಿದ ನಂತರವೇ ಬಾಗಿಲು ತೆರೆಯುವುದು. ಆ ವರ್ಷ ಬಂದ, ತೀರಿಹೋದವರ ಶಿವಗಣಾರಾಧನೆಯ ಕೆಲಸವೊಂದು ಮಾತ್ರ ಈ ಶಿಸ್ತಿಗೆ ಜಗ್ಗಲಿಲ್ಲ.

ಇಂಡಿ ರಸ್ತೆಯಲ್ಲಿ ದೀಪವಿಲ್ಲದೆ ನಿಂತಿದ್ದ ಕಬ್ಬಿನ ಟ್ರೇಲರಿಗೆ ಬೈಕು ಬಡಿದು ಗಂಡ, ಹೆಂಡತಿ, ನಡುವೆ ಕೂತಿದ್ದ ಕೂಸು ಮೂವರೂ ಹೋಗಿದ್ದರು. ಆರಾಧನೆಗೆ ಬಂದವರ ಕೈಗೆ ಕೊಡಲು ಎರಡು ಮಡಿಕೆಯ, ಮೂರು ಪುಟದ ಹಾಳೆ ಬೇಕಿತ್ತು. ಒಳಬದಿಯಲ್ಲಿ ಮೂವರದೂ ಒಂದೊಂದು ಫೋಟೊ. ಗಂಡಿನ ತಾಯಿ, ಹೆಣ್ಣಿನ ತಾಯಿ ಇಬ್ಬರೂ ಕೂಡಿಯೇ ಬಂದಿದ್ದರು. ತನ್ನ ಮನಸ್ಸಿಗೆ ಬಾರದಿದ್ದರೆ ಮಗಳ ಫೋಟೊ ಅಚ್ಚಾಗಕೂಡದು, ಆರಾಧನೆಗೂ ತಾನು ಬರುವುದಿಲ್ಲ ಎಂದು ಹೆಣ್ಣಿನ ತಾಯಿ ಬಾಗಿಲಲ್ಲೇ ಹೇಳಿದ್ದರು.

ನಮ್ಮ ಕಂಪ್ಯೂಟರ್ ನೋಡುವ ಹೆಣ್ಣುಮಗಳು ಹಿಂದಿನ ದಿನವೇ ಮಾದರಿ ತೆಗೆದಿದ್ದಳು. ಹಾಳೆಯ ಉದ್ದ ೨೯೭ ಮಿಲಿಮೀಟರ್. ಯಾರಿಗೂ ಹೆಚ್ಚುಕಡಿಮೆ ಆಗಬಾರದೆಂದು ಸಮನಾಗಿ ೯೯ರಂತೆ ಹಂಚಿದ್ದಳು. ಎಡಕ್ಕೆ ಮಗ, ನಡುವೆ ಕೂಸು, ಬಲಕ್ಕೆ ಸೊಸೆ. ಮಡಚಿದಾಗ ಬಲಗಡೆಯ ಪುಟ ಒಳಗೆ ಹೋಗಿ, ಅದರ ಅಂಚು ಎದುರಿನ ಮಡಿಕೆಗೆ ತಾಗಿತು. ಕಾಗದ ದಪ್ಪ. ಜಾಗ ಸಾಲದೆ ಪುಟ ಉಬ್ಬಿತು. ಮುಚ್ಚಿ ಒತ್ತಿದ್ದಕ್ಕೆ ಸೊಸೆಯ ಮುಖದ ಮೇಲೆ ಉದ್ದಕ್ಕೆ ಗೀರು ಬಿತ್ತು.

ಹೆಣ್ಣಿನ ತಾಯಿ ಅದನ್ನು ಬಿಚ್ಚಿ ನೋಡಿದರು. "ಇದೇನ್ರಿ ಅಣ್ಣಾರ? ಅಲ್ಲಿ ರಸ್ತ್ಯಾಗ ನೋಡಿದ್ದು ಸಾಲಲಿಲ್ಲಂತ ಇಲ್ಲಿನೂ ಮಾರಿ ಒಡದೀರೇನು?"

ನಾನು ಖಾಲಿ ಹಾಳೆ ತಂದು ತೋರಿಸಿದೆ. ಒಳಗೆ ಹೋಗುವ ಪುಟ ಉಳಿದೆರಡಕ್ಕಿಂತ ಚಿಕ್ಕದಿರಬೇಕು. ನೂರು, ನೂರು, ತೊಂಬತ್ತೇಳು. ಆಗ ಅಂಚು ಮಡಿಕೆಯ ತನಕ ಹೋಗುವುದಿಲ್ಲ, ಚಪ್ಪಟೆಯಾಗಿ ಕೂರುತ್ತದೆ. ಹಾಳೆಯ ಹಿಂಬದಿಯಲ್ಲಿ ಅದೇ ಚಿಕ್ಕ ಪುಟ ಎಡಕ್ಕೆ ಬರುತ್ತದೆ.

"ಹಂಗಾರ ಸೊಸಿದು ಮೂರು ಕಡಿಮಿ ಮಾಡ್ರಿ, ಮುಗೀತು" ಎಂದರು ಗಂಡಿನ ತಾಯಿ.

"ಮಾಡ್ರಿ, ಮಾಡ್ರಿ! ಆಕಿ ಉಣ್ಣಾಕ ಕುಂತ್ರ ರೊಟ್ಟಿ ಎಣಸ್ತಿದ್ರಿ. ಈಗ ಕಾಗದನೂ ಅಳದ ಕೊಡ್ರಿ."

"ಯವ್ವಾ, ನಾ ಯಾವಾಗ ಎಣಿಸೀನಿ? ಮೂರು ಮಿಲಿಮೀಟರಿಗೆ ಎಷ್ಟ ಮಾತಾಡ್ತೀರಿ!"

"ನಿಮಗ ಅದು ಮಿಲಿಮೀಟರು. ನನಗ ಆಕಿ ಇಷ್ಟ ಉಳದಾಳ."

ಮಗನ ಪುಟ ಒಳಗೆ ಇಡೋಣವೇ ಎಂದು ಕೇಳಿದೆ. ಗಂಡಿನ ತಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಗೋಡೆಯ ಕಡೆ ತಿರುಗಿದರು. ಅವರಿಗೂ ಅದು ಆಗದ ಮಾತು ಎಂದು ತಿಳಿಯಿತು. ಇನ್ನು ಕೂಸಿನದು ಎಂದು ನನ್ನ ಬಾಯಿಂದ ಬರಲಿಲ್ಲ.

ಹೆಣ್ಣಿನ ತಾಯಿ ನನ್ನ ಖಾಲಿ ಹಾಳೆ ತೆಗೆದುಕೊಂಡು, ನೂರು ನೂರು ತೊಂಬತ್ತೇಳರ ಗೆರೆಯಲ್ಲಿ ತಾವೇ ಮಡಚಿದರು. ಬಿಚ್ಚಿದರು. ಮತ್ತೆ ಮಡಚಿದರು. ಆಮೇಲೆ ಚಿಕ್ಕ ಪುಟದ ಮೇಲೆ ಬೆರಳಿಟ್ಟರು.

"ಇಲ್ಲಿ ಕೂಸಿನ ಹಾಕ್ರಿ. ನಡುವ ಮಗಳು. ಈ ಕಡೆ ಅಳಿಯ. ಮುಚ್ಚಿದಾಗ ಅದು ಇಬ್ಬರ ನಡುವ ಇರಲಿ. ಸಣ್ಣದ ಐತಿ, ಸಣ್ಣ ಜಾಗ ಸಾಕು."

ಗಂಡಿನ ತಾಯಿ ತಿರುಗದೆಯೇ "ಹೂಂ" ಎಂದರು.

ಕಂಪ್ಯೂಟರಿನವಳು ಕಣ್ಣೊರೆಸಿಕೊಳ್ಳುತ್ತ ಗೆರೆ ಸರಿಸಿದಳು. ಹಿಂಬದಿಯ ಗೆರೆಗಳನ್ನೂ ತಿರುವಿ ಹಾಕಿದ್ದಾಳೆಯೇ ಎಂದು ನಾನು ಸ್ಕೇಲು ಇಟ್ಟು ನೋಡಿದೆ. ಅಚ್ಚಾದ ಮೇಲೆ ಕಾಗದ ಒಡೆಯದಂತೆ ಮಡಿಕೆಯ ಜಾಗಕ್ಕೆ ಗೀಟು ಒತ್ತಿಸಿದೆ. ಮಡಚುವುದು ನಮ್ಮ ಕೆಲಸ, ಆದರೆ ಇಬ್ಬರೂ ಬಿಡಲಿಲ್ಲ. ಮೇಜಿನ ಆ ತುದಿಗೊಬ್ಬರು, ಈ ತುದಿಗೊಬ್ಬರು ಕೂತರು. ಹಾಳೆಯ ಸಪ್ಪಳ ಅಷ್ಟೇ.

ಸ್ವಲ್ಪ ಹೊತ್ತಿಗೆ ಗಂಡಿನ ತಾಯಿಯ ಕೈಯಲ್ಲಿದ್ದ ಹಾಳೆ ಉಬ್ಬಿ ನಿಂತಿತು. ಅವರು ಮಗನ ಪುಟವನ್ನೇ ಮೊದಲು ಒಳಗೆ ಮಡಚಿದ್ದರು. ನೂರರ ಪುಟ ಆ ಜಾಗದಲ್ಲಿ ಕೂರಲಿಲ್ಲ. ಒತ್ತಿದರು, ಮತ್ತೂ ಒತ್ತಿದರು. ನಾನು ಏಳುವಷ್ಟರಲ್ಲಿ ಹೆಣ್ಣಿನ ತಾಯಿ ಎದ್ದು ಹೋಗಿ ಅವರ ಕೈಹಿಡಿದು ಹಾಳೆ ಬಿಚ್ಚಿಸಿದರು.

"ಹಂಗಲ್ರಿ, ಯವ್ವಾ. ಮೊದಲ ಕೂಸು. ಅದರ ಮ್ಯಾಲ ಅವರಪ್ಪ."