ಆರೇ ಎಲೆಕ್ಟ್ರಾನಿನ ನೈಟ್ರೋಜನ್

ಬೈಲಹೊಂಗಲದ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕನಾಗಿ ರಸಾಯನಶಾಸ್ತ್ರ ಕಲಿಸುವ ನನಗೆ ತಲೆ ಚಿಟ್ಟು ಹಿಡಿಸುವ ಮಾತು ಒಂದೇ: ‘ರೆಸೊನೆನ್ಸ್ ಐತಿ, ಅಂದ್ರ ಗಟ್ಟಿ ಐತಿ.’ ಒಂದು ಅಣುವಿಗೆ ಒಂದಕ್ಕಿಂತ ಹೆಚ್ಚು ರಚನೆ ಬರೆಯಲು ಬಂದು, ನಿಜವಾದದ್ದು ಅವುಗಳ ಬೆರಕೆಯಾದರೆ ಅದೇ ರೆಸೊನೆನ್ಸ್.

ಆ ದಿನ ಬೋರ್ಡಿನ ಮುಂದೆ ಮನೋಳಿಯ ಹುಡುಗಿ ನಿಂತಿದ್ದಳು. ಬೆಂಜೀನ್ ಡಯಾಜೋನಿಯಂ ಅಯಾನಿಗೆ ಎರಡು ಲೂಯಿಸ್ ರಚನೆ ಬರೆದಿದ್ದಳು. ಮೊದಲನೆಯದರಲ್ಲಿ ಎರಡು ನೈಟ್ರೋಜನ್ ನಡುವೆ ಮೂರು ಗೆರೆ, ಅಂದರೆ ಮೂರು ಬಂಧ, ಎರಡನೆಯದರಲ್ಲಿ ಎರಡು.

“ಎರಡಕ್ಕೂ ಪ್ಲಸ್ ಒಂದ ಅಲ್ರೀ ಸರ್? ಸಮಾನ ಪಾಲು.”

“ಎಣಿಸವ್ವಾ, ಎಣಿಸು. ಎರಡನೇದರಾಗ ತುದಿಯ ನೈಟ್ರೋಜನ್ನಿಗೆ ಎಷ್ಟು ಎಲೆಕ್ಟ್ರಾನ್?”

“ಒಂದು ಜೋಡಿಗೆ ಎರಡು, ಎರಡು ಬಂಧಕ್ಕ ನಾಲ್ಕು... ಆರ್ರಿ.”

“ಎಂಟಿರಬೇಕು, ಇಲ್ಲ. ಮೊದಲನೇದರಾಗ ಎಲ್ಲಾರಿಗೂ ಎಂಟು. ಅದಕ್ಕ ಅದರದ ದೊಡ್ಡ ಪಾಲು.”

“ಆದ್ರೂ ರೆಸೊನೆನ್ಸ್ ಐತಲ್ರೀ, ಗಟ್ಟಿನ.”

ಹಿಂದಿನ ಬೆಂಚು ನಕ್ಕಿತು. ಬೆಂಜೀನಿಗೆ ಸಲ್ಲುವ ಮಾತು ಇಲ್ಲಿ ಸಲ್ಲುವುದಿಲ್ಲ ಎಂದು ನಾನು ಎಷ್ಟನೇ ಸಲವೋ ಹೇಳಿದೆ. ಆ ಮೂರು ಗೆರೆಯೇ ಹೇಳುತ್ತದೆ: ಅಲ್ಲಿ ನೈಟ್ರೋಜನ್ ಅನಿಲ ಹೆಚ್ಚುಕಡಿಮೆ ಸಿದ್ಧವಾಗಿ ಕುಳಿತಿದೆ, ಬಿಟ್ಟು ಹೋಗುವುದಷ್ಟೇ ಬಾಕಿ. ಎಲ್ಲರೂ ತಲೆಯಾಡಿಸಿದರು. ಯಾರೂ ಬರೆದುಕೊಳ್ಳಲಿಲ್ಲ.

ಮರುದಿನ ಪ್ರಾಯೋಗಿಕ ತರಗತಿ. ಅದೇ ಡಯಾಜೋನಿಯಂ ದ್ರಾವಣವನ್ನು ಮಂಜುಗಡ್ಡೆಯಲ್ಲಿಟ್ಟು, ತಣ್ಣಗಿರುವಾಗಲೇ ಬಳಸಿ ಕಿತ್ತಳೆ ಬಣ್ಣ ತಯಾರಿಸಬೇಕು. ನಮ್ಮ ಮಕ್ಕಳ ಜರ್ನಲಿನಲ್ಲಿ ‘ಒಣಗಿದ ಉತ್ಪನ್ನದ ತೂಕ’ ಎಂಬ ಕಾಲಂ ಪ್ರತಿ ಪ್ರಯೋಗಕ್ಕೂ ಇರುತ್ತದೆ. ಏನು ಮಾಡಿದರೂ ಒಣಗಿಸಿ ತೂಗುವುದು ರೂಢಿ. ಉಳಿದ ಒಂದಿಷ್ಟು ದ್ರಾವಣವನ್ನು ಆ ಹುಡುಗಿ ಪಿಂಗಾಣಿ ಬಟ್ಟಲಿಗೆ ಸುರಿದು ಕಿಟಕಿಯ ಬಿಸಿಲಿಗೆ ಇಟ್ಟಿದ್ದಳು. ಊಟದ ನಂತರ ಬಂದು ನೋಡಿದರೆ ಅಂಚಿಗೆ ತೆಳ್ಳನೆಯ ಪೊರೆ. ಡಯಾಜೋನಿಯಂ ಲವಣ ಒಣಗಿದರೆ ಕೆರೆದಷ್ಟಕ್ಕೇ ಸಿಡಿಯುತ್ತದೆ.

ಅವಳು ಚಮಚದಿಂದ ಕೆರೆಯುವುದು ನನಗೆ ಕಂಡಿತು. “ಏ, ಬಿಡು!” ಎಂದೆ. ಟಪ್ ಎಂದಿತು. ಬಟ್ಟಲು ಚೂರಾಯಿತು.

ಆಮೇಲೆ ಅವಳು ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ನಿಂತಿದ್ದಳು. ಕೈ ತೆಗೆಯಲೊಲ್ಲಳು. ಬಿಡಿಸಿ ನೋಡಿದರೆ, ನಾನು ಎಷ್ಟೋ ಬೈದು ಹಾಕಿಸಿದ್ದ ರಕ್ಷಣೆಯ ಕನ್ನಡಕದ ಬಲಗಾಜಿನಲ್ಲಿ ಚೂರು ಕಚ್ಚಿತ್ತು, ಸರಿಯಾಗಿ ಕಣ್ಣಿನ ಎದುರಿಗೆ. ಅದು ಈಗಲೂ ಕಣ್ಣು ಮುಚ್ಚಿದರೆ ಎದುರಿಗೆ ಬರುತ್ತದೆ, ನಾನು ಎರಡು ಹೆಜ್ಜೆ ಮುಂದಿದ್ದರೆ ಚಮಚ ಕಸಿಯುತ್ತಿದ್ದೆ ಎಂಬ ಲೆಕ್ಕದ ಜೊತೆಗೆ.

ದವಾಖಾನೆಯಲ್ಲಿ ಡಾಕ್ಟರು ಕಣ್ಣಿಗೆ ಏನೂ ಆಗಿಲ್ಲ ಎಂದರು. ಅವಳು ಬೆಂಚಿನ ಮೇಲೆ ಕುಳಿತು ಕೇಳಿದಳು:

“ಸರ್, ಮೊದಲನೇ ರಚನೇನ ಖರೇ ಐತೇನ್ರಿ?”

“ಖರೇ ಅಂದ್ರ? ಖರೇದು ಎರಡರ ಬೆರಕಿ. ದೊಡ್ಡ ಪಾಲು ಅದರದ.”

ದವಾಖಾನೆಯ ಚೀಟಿಯ ಹಿಂಬದಿಗೆ ಅವಳು ಬರೆದು ತೋರಿಸಿದಳು. ಮೂರು ಗೆರೆ ಸರಿ, ಉಂಗುರಕ್ಕೆ ಅಂಟಿದ ನೈಟ್ರೋಜನ್ನಿನ ಮೇಲೆ ಪ್ಲಸ್ ಸರಿ. ತುದಿಯ ನೈಟ್ರೋಜನ್ನಿನ ಜೋಡಿ ಎಲೆಕ್ಟ್ರಾನ್ ಮಾತ್ರ ಬಿಟ್ಟಿದ್ದಳು.

“ಎಣಿಸವ್ವಾ,” ಎಂದೆ.